ಮಚ್ಚಿನೊಳಗಿನ ಐದಾರು ಗ್ರಾಂ ಇಂಗಾಲ

ಗಾಂಧಿ ಬಜಾರಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಬಂದವರು ಎಳನೀರಿನ ಗಾಡಿಯ ಸುತ್ತ ನಿಂತಿರುತ್ತಾರೆ. ಒಬ್ಬರಿಗೆ ಬರೀ ನೀರು ಸಾಕು, ಇನ್ನೊಬ್ಬರಿಗೆ ತೆಳು ಗಂಜಿ ಬೇಕು, ಮತ್ತೊಬ್ಬರಿಗೆ ಮನೆಯಲ್ಲಿ ಜ್ವರ ಬಂದು ಮಲಗಿದವರಿಗೆಂದು ಎರಡು ಪಾರ್ಸೆಲ್. ಗಾಡಿಯವನು ಕಾಯಿಯನ್ನು ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ಎಡ ಅಂಗೈಯಲ್ಲಿ ಕೂರಿಸಿಕೊಂಡು ಮಚ್ಚು ಬೀಸುತ್ತಾನೆ. ಮೂರು ಏಟಿಗೆ ಮೂತಿ ಹಾರುತ್ತದೆ. ಮಚ್ಚಿನ ಮೂಲೆಯಿಂದ ಒಂದು ತೂತು, ಅದಕ್ಕೊಂದು ಸ್ಟ್ರಾ. ನೀರು ಮುಗಿದ ಮೇಲೆ ಕಾಯಿ ವಾಪಸು ಬರುತ್ತದೆ. ಒಂದೇ ಏಟಿಗೆ ಎರಡು ಹೋಳು. ಸಿಪ್ಪೆಯ ಬದಿಯಿಂದ ತೆಳ್ಳಗೆ ಸೀಳಿದ ಚೂರೇ ಗಂಜಿ ಕೆರೆಯುವ ಚಮಚ.

ಅರ್ಧ ನಿಮಿಷದಲ್ಲಿ ಒಂದೇ ಅಲಗು ಮೂರು ಬೇರೆ ಕೆಲಸ ಮಾಡಿತು. ಸಿಪ್ಪೆಯನ್ನು ನುಣ್ಣಗೆ ಸೀಳಿತು, ಚಿಪ್ಪಿಗೆ ಜೋರಾಗಿ ಬಡಿಯಿತು, ಮೂಲೆಯಿಂದ ಮೀಟಿತು. ಸೀಳಲು ಅಂಚು ಗಡಸಾಗಿರಬೇಕು, ಇಲ್ಲದಿದ್ದರೆ ಹರಿತ ನಿಲ್ಲದು. ಬಡಿಯಲು, ಮೀಟಲು ಅಲಗಿಗೆ ತಾಳಿಕೆ ಇರಬೇಕು, ಇಲ್ಲದಿದ್ದರೆ ಚಕ್ಕೆ ಎದ್ದು ಹೋಗುತ್ತದೆ. ಅಡುಗೆಮನೆಯ ತೆಳು ಸ್ಟೀಲ್ ಚಾಕುವಿನಿಂದ ಇದನ್ನು ಮಾಡಹೊರಟರೆ ಅದು ಬಾಗುತ್ತದೆ. ಹಳೆಯ ಕಾಲದ ಕ್ಷೌರದ ಕತ್ತಿಯಿಂದ ಹೊಡೆದರೆ ಅದು ತುಂಡಾಗುತ್ತದೆ. ಮೂರೂ ಉಕ್ಕೇ. ವ್ಯತ್ಯಾಸ ಇರುವುದು ಎರಡು ಕಡೆ: ಒಳಗೆ ಎಷ್ಟು ಇಂಗಾಲ ಇದೆ ಎಂಬುದರಲ್ಲಿ, ಮತ್ತು ಆ ಉಕ್ಕನ್ನು ಹೇಗೆ ಕಾಯಿಸಿ ಹೇಗೆ ತಣಿಸಿದರು ಎಂಬುದರಲ್ಲಿ.

ಲಾರಿಯ ಕೆಳಗಿನಿಂದ ಬಂದ ಪಟ್ಟಿ

ಕುಲುಮೆಯಲ್ಲಿ ತಯಾರಾಗುವ ಮಚ್ಚುಗಳಲ್ಲಿ ಬಹಳಷ್ಟರ ಪೂರ್ವಾಶ್ರಮ ಲಾರಿ. ಲಾರಿಯ ಚಕ್ರದ ಮೇಲೆ ಒಂದರ ಮೇಲೊಂದು ಪೇರಿಸಿ ಕಟ್ಟಿರುವ ಬಾಗಿದ ಪಟ್ಟಿಗಳನ್ನು ನೀವು ನೋಡಿರುತ್ತೀರಿ. ರಸ್ತೆಯ ಗುಂಡಿಗಳ ಏಟನ್ನು ತಿಂದು ತಿಂದು ಅವು ಸೋತ ಮೇಲೆ ಗುಜರಿಗೆ ಹೋಗುತ್ತವೆ. ಚಾಮರಾಜಪೇಟೆಯ ಪಕ್ಕದ ಕಲಾಸಿಪಾಳ್ಯ, ಜೆ.ಸಿ. ರಸ್ತೆಯಂಥ ಕಡೆ ಬಿಚ್ಚಿ ಬಿಸಾಡಿದ ಪಟ್ಟಿಗೆ ತೂಕದ ಲೆಕ್ಕದ ಬೆಲೆ. ಕಮ್ಮಾರರು ಇದನ್ನು ಆರಿಸಿಕೊಳ್ಳುವುದು ಅಗ್ಗ ಎಂಬ ಕಾರಣಕ್ಕೆ ಮಾತ್ರವಲ್ಲ. ಕಟ್ಟಡದ ಕಂಬಿಯ ತುಂಡು ಇನ್ನೂ ಸುಲಭಕ್ಕೆ ಸಿಗುತ್ತದೆ, ಅದರಿಂದ ಒಳ್ಳೆಯ ಮಚ್ಚು ಆಗುವುದಿಲ್ಲ.

ಪಟ್ಟಿಗೆ ಬಳಸುವ ಉಕ್ಕಿಗೆ ಹಲವು ದರ್ಜೆಗಳಿವೆ. ನಮ್ಮಲ್ಲಿ ಬಳಕೆಯಲ್ಲಿರುವ ಒಂದು ಎಸ್‌ಯುಪಿ 9. ಅದರಲ್ಲಿ ಇಂಗಾಲ ಶೇ 0.52ರಿಂದ 0.60ರವರೆಗೆ, ಮ್ಯಾಂಗನೀಸ್ ಮತ್ತು ಕ್ರೋಮಿಯಂ ಒಂದೊಂದೂ ಶೇ 0.65ರಿಂದ 0.95ರವರೆಗೆ. ಅಂದರೆ ಒಂದು ಕಿಲೋ ತೂಗುವ ಮಚ್ಚಿನಲ್ಲಿ ಇಂಗಾಲ ಐದಾರು ಗ್ರಾಂ, ಒಂದು ಟೀ ಚಮಚದಷ್ಟು ಸಕ್ಕರೆಯ ತೂಕ. ಕಟ್ಟಡದ ಕಂಬಿಯಲ್ಲಿ ಅದು ಎರಡು, ಎರಡೂವರೆ ಗ್ರಾಂ. ಈ ಮೂರು ಗ್ರಾಮಿನ ಅಂತರವೇ ಒಂದನ್ನು ಮಚ್ಚು ಮಾಡುತ್ತದೆ, ಇನ್ನೊಂದನ್ನು ಕಾಂಕ್ರೀಟಿನೊಳಗೆ ಹೂಳುತ್ತದೆ.

ಇಂಗಾಲ ಮಾಡುವ ಕೆಲಸ

ಕಬ್ಬಿಣದ ಪರಮಾಣುಗಳು ಅಚ್ಚುಕಟ್ಟಾದ ಸಾಲುಗಳಲ್ಲಿ ಕೂತಿರುತ್ತವೆ. ಬಲ ಬಿದ್ದಾಗ ಒಂದು ಸಾಲು ಇನ್ನೊಂದರ ಮೇಲೆ ಜಾರುತ್ತದೆ. ಜಾರುವುದು ಎಂದರೆ ಲೋಹ ಬಾಗುವುದು. ಶುದ್ಧ ಕಬ್ಬಿಣದಲ್ಲಿ ಈ ಜಾರುವಿಕೆಗೆ ಹೆಚ್ಚು ತಡೆಯಿಲ್ಲ, ಆದ್ದರಿಂದ ಅದು ಮೆತ್ತಗೆ. ಇಂಗಾಲದ ಪರಮಾಣು ಕಬ್ಬಿಣದ್ದಕ್ಕಿಂತ ಚಿಕ್ಕದು. ಅದು ಕಬ್ಬಿಣದ ಜಾಗವನ್ನು ಕಸಿದುಕೊಳ್ಳುವುದಿಲ್ಲ, ಸಂದಿಗಳಲ್ಲಿ ಸೇರಿಕೊಳ್ಳುತ್ತದೆ.

ಆದರೆ ಮಾಮೂಲಿ ಬಿಸಿಯಲ್ಲಿ ಆ ಸಂದಿಗಳು ಬಹಳ ಇಕ್ಕಟ್ಟು. ನೂರು ಗ್ರಾಂ ಕಬ್ಬಿಣದಲ್ಲಿ ಒಂದು ಗ್ರಾಮಿನ ಐವತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಂಗಾಲಕ್ಕೆ ಅಲ್ಲಿ ಜಾಗವಿಲ್ಲ. ಉಳಿದ ಇಂಗಾಲ ಕಬ್ಬಿಣದ ಜೊತೆ ಕೂಡಿ ಕಾರ್ಬೈಡ್ ಎಂಬ ತುಂಬ ಗಡಸಾದ, ಪೆಡಸಾದ ವಸ್ತುವಾಗಿ ಪ್ರತ್ಯೇಕ ಪದರಗಳಲ್ಲಿ ಕೂರುತ್ತದೆ. ಉಕ್ಕನ್ನು ಕೆಂಪಗೆ ಕಾಯಿಸಿದಾಗ, ಸುಮಾರು 730 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಕಬ್ಬಿಣದ ಪರಮಾಣುಗಳು ತಮ್ಮ ಜೋಡಣೆಯನ್ನೇ ಬದಲಿಸಿಕೊಳ್ಳುತ್ತವೆ. ಹೊಸ ಜೋಡಣೆಯಲ್ಲಿ ಸಂದಿಗಳು ದೊಡ್ಡವು. ಕಾರ್ಬೈಡ್ ಕರಗಿ, ಇಂಗಾಲ ಎಲ್ಲ ಕಡೆ ಹರಡಿಕೊಳ್ಳುತ್ತದೆ. ನಿಧಾನವಾಗಿ ಆರಲು ಬಿಟ್ಟರೆ ಅದೆಲ್ಲ ಮತ್ತೆ ಹೊರಬಂದು ಮೊದಲಿನ ಪದರಗಳಾಗುತ್ತದೆ. ಥಟ್ಟನೆ ತಣಿಸಿದರೆ ಹೊರಬರಲು ಸಮಯ ಸಿಗುವುದಿಲ್ಲ. ಮೆಜೆಸ್ಟಿಕ್ಕಿನಲ್ಲಿ ತುಂಬಿ ತುಳುಕುವ ಬಸ್ಸಿನ ಬಾಗಿಲು ಹಾಕಿದ ಮೇಲೆ ಇಳಿಯಲಾಗದೆ ಸೀಟುಗಳ ನಡುವೆ ಸಿಕ್ಕಿಕೊಂಡ ಪ್ರಯಾಣಿಕರ ಪಾಡು ಆ ಇಂಗಾಲದ್ದು. ಸಾಲುಗಳು ಅದರ ಒತ್ತಡದಿಂದ ಸೆಟೆದು ನಿಲ್ಲುತ್ತವೆ, ಒಂದರ ಮೇಲೊಂದು ಜಾರಲಾರವು. ಈ ಸ್ಥಿತಿಗೆ ಲೋಹಶಾಸ್ತ್ರಜ್ಞರು ಮಾರ್ಟೆನ್‌ಸೈಟ್ ಎನ್ನುತ್ತಾರೆ.

ಇಷ್ಟು ತಿಳಿದರೆ ಕಂಬಿ ಯಾಕೆ ಆಗದು ಎಂಬುದು ಸ್ಪಷ್ಟ. ಅದನ್ನು ಎಷ್ಟೇ ಕಾಯಿಸಿ ನೀರಿಗೆ ಅದ್ದಿದರೂ ಸಿಕ್ಕಿಕೊಳ್ಳಲು ಬೇಕಾದಷ್ಟು ಇಂಗಾಲವೇ ಅದರಲ್ಲಿಲ್ಲ. ಇಂಗಾಲ ಶೇ 0.6ರ ಹತ್ತಿರ ಬಂದಾಗ ತಣಿಸಿದ ಉಕ್ಕಿನ ಗಡಸುತನ ಹೆಚ್ಚುಕಡಿಮೆ ತನ್ನ ಮೇಲ್ಮಿತಿ ಮುಟ್ಟುತ್ತದೆ. ಅಳೆಯುವುದು ರಾಕ್‌ವೆಲ್ 'ಸಿ' ಎಂಬ ಮಾಪಕದಲ್ಲಿ. ವಜ್ರದ ಮೊನೆಯೊಂದನ್ನು 150 ಕಿಲೋ ಭಾರದಿಂದ ಲೋಹಕ್ಕೆ ಒತ್ತಿ, ಎಷ್ಟು ಆಳ ಇಳಿಯಿತು ಎಂದು ನೋಡುವ ಯಂತ್ರ ಅದು. ಆಳ ಕಡಿಮೆಯಾದಷ್ಟೂ ಅಂಕ ಹೆಚ್ಚು. ಲಾರಿ ಪಟ್ಟಿಯ ಉಕ್ಕನ್ನು ಸರಿಯಾಗಿ ತಣಿಸಿದ ಕ್ಷಣದಲ್ಲಿ ಅಳೆದರೆ 60ರ ಆಸುಪಾಸು ಬರುತ್ತದೆ.

ಹಾಗಾದರೆ ಇನ್ನೂ ಹೆಚ್ಚು ಇಂಗಾಲ ಹಾಕುವುದರಿಂದ ಏನು ಲಾಭ? ಹೆಚ್ಚುವರಿ ಇಂಗಾಲ ಕಾರ್ಬೈಡಿನ ಕಾಳುಗಳಾಗಿ ಉಳಿದು ಸವೆತವನ್ನು ತಡೆಯುತ್ತದೆ. ಅರ ಮತ್ತು ಕ್ಷೌರದ ಕತ್ತಿಗೆ ಶೇ 1ರಿಂದ 1.2ರವರೆಗೆ ಇಂಗಾಲ ಇರುವುದು ಅದಕ್ಕೇ. ಆದರೆ ಅದೇ ಕಾಳುಗಳು ಏಟು ಬಿದ್ದಾಗ ಬಿರುಕು ಹುಟ್ಟುವ ಜಾಗಗಳೂ ಆಗುತ್ತವೆ. ಅರವನ್ನು ಕಲ್ಲುನೆಲದ ಮೇಲೆ ಬೀಳಿಸಿ ನೋಡಿದವರಿಗೆ ಇದು ಗೊತ್ತು.

ಮೂಸೆಯ ಉಕ್ಕು, ಲಂಡನ್ನಿನ ಪೇಚಾಟ

ಇಂಗಾಲ ಹೆಚ್ಚಾದರೆ ಏನಾಗುತ್ತದೆ ಎಂಬುದರ ದೊಡ್ಡ ಕಥೆ ಇದೇ ನಾಡಿನದು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದ ಮೇಲೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನು ಸುತ್ತಿದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ವರದಿಯಲ್ಲಿ ಬೆಳೆ, ಜಾತಿ, ಕಂದಾಯಗಳ ನಡುವೆ ಕಬ್ಬಿಣದ ಕುಲುಮೆಗಳ ವಿವರವೂ ಇದೆ. ಈಗಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಕಡೆ ಉಕ್ಕು ಮಾಡುವ ಬಗೆಯನ್ನು ಅವನು ನಿಂತು ನೋಡಿದ್ದ. ಮಣ್ಣಿನ ಪುಟ್ಟ ಮೂಸೆಯೊಳಗೆ ಮೆತ್ತನೆಯ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಎರಡು ಹಸಿರೆಲೆ. ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಮೂಸೆಗಳನ್ನು ಸಾಲಾಗಿಟ್ಟು, ಇದ್ದಿಲ ಬೆಂಕಿಗೆ ತಿದಿ ಒತ್ತುತ್ತಿದ್ದರು.

ಒಳಗೆ ನಡೆಯುತ್ತಿದ್ದದ್ದು ಇಷ್ಟು: ಕಡ್ಡಿ, ಎಲೆಗಳು ಇದ್ದಿಲಾಗುತ್ತವೆ, ಗಾಳಿ ಇಲ್ಲದ್ದರಿಂದ ಉರಿದು ಹೋಗುವುದಿಲ್ಲ. ಕಬ್ಬಿಣ ಆ ಇಂಗಾಲವನ್ನು ಹೀರುತ್ತದೆ. ಹೀರಿದಂತೆ ಅದು ಕರಗುವ ಬಿಸಿಯ ಮಟ್ಟ ಇಳಿಯುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಬೇಕು, ಶೇ 1.5ರಷ್ಟು ಇಂಗಾಲ ಸೇರಿದ್ದು ಸುಮಾರು ನೂರು ಡಿಗ್ರಿ ಮೊದಲೇ ಪೂರ್ತಿ ಕರಗುತ್ತದೆ. ತಿದಿಯ ಗಾಳಿಗೆ ಅಷ್ಟು ಬಿಸಿ ಮುಟ್ಟಲು ಸಾಧ್ಯವಿತ್ತು. ಮೂಸೆ ಆರಿದ ಮೇಲೆ ಒಡೆದರೆ ಒಳಗೆ ಒಂದು ಗಟ್ಟಿ. ನಮ್ಮ ಉಕ್ಕು 'ವೂಟ್ಜ್' ಎಂಬ ಹೆಸರು ಹೊತ್ತು ಇಂಗ್ಲೆಂಡ್ ತಲುಪಿದ್ದು ಇಂಥ ಗಟ್ಟಿಗಳ ರೂಪದಲ್ಲಿ.

1795ರಲ್ಲಿ ಜಾರ್ಜ್ ಪಿಯರ್‌ಸನ್ ಎಂಬುವವರು ರಾಯಲ್ ಸೊಸೈಟಿಗೆ ಇದರ ಬಗ್ಗೆ ಪ್ರಬಂಧ ಒಪ್ಪಿಸಿದರು. ಜೇಮ್ಸ್ ಸ್ಟೊಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕ ಇದರಿಂದ ಅಲಗುಗಳನ್ನು ಮಾಡಿದ. ಮುಂದೆ ಅವನ ಜೊತೆ ಸೇರಿ ಇದರ ಗುಟ್ಟು ಹುಡುಕಹೊರಟವನು ಮೈಕೆಲ್ ಫ್ಯಾರಡೆ. ವಿದ್ಯುತ್ತಿನಿಂದ ಹೆಸರು ಮಾಡುವ ಮೊದಲಿನ ಮಾತು ಇದು. ಅಲ್ಯೂಮಿನಿಯಂ ಬೆರೆತಿರುವುದೇ ಕಾರಣ ಎಂದು ಫ್ಯಾರಡೆ ಭಾವಿಸಿದ್ದ, ಅದು ಸರಿಯಲ್ಲ ಎಂದು ಆಮೇಲೆ ಗೊತ್ತಾಯಿತು.

ಇಂಗ್ಲಿಷ್ ಕಮ್ಮಾರರ ದೂರು ಒಂದೇ ಆಗಿತ್ತು: ಈ ಉಕ್ಕನ್ನು ಬಡಿಯಲು ಹೋದರೆ ಪುಡಿಯಾಗುತ್ತದೆ. ಅವರಿಗೆ ಅಭ್ಯಾಸವಿದ್ದದ್ದು ಕಡಿಮೆ ಇಂಗಾಲದ ಕಬ್ಬಿಣ. ಅದನ್ನು ಬಿಳಿ ಬಿಸಿಗೆ ಕಾಯಿಸಿ ಬಡಿದರೆ ಮೇಣದಷ್ಟು ಮೆತ್ತಗೆ ಹರಿಯುತ್ತದೆ. ಶೇ 1.5 ಇಂಗಾಲದ ಉಕ್ಕು ಆ ಬಿಸಿಯಲ್ಲಿ ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಕಣಗಳ ನಡುವಿನ ಗೆರೆಗಳಲ್ಲಿ ಆಗಲೇ ಕರಗಲು ಶುರುವಾಗಿರುತ್ತದೆ. ಸುತ್ತಿಗೆ ಬಿದ್ದರೆ ಕಣಗಳು ಬೇರೆಯಾಗುತ್ತವೆ. ಕೆಂಪು ಬಿಸಿಯಲ್ಲಿ, ಸಣ್ಣ ಏಟುಗಳಲ್ಲಿ, ತಾಳ್ಮೆಯಿಂದ ಬಡಿಯಬೇಕಿತ್ತು. ಹಾಗೆ ಬಡಿದಾಗ ಹೆಚ್ಚುವರಿ ಇಂಗಾಲವು ಕಾರ್ಬೈಡಿನ ಸಣ್ಣ ಕಾಳುಗಳಾಗಿ ಪಟ್ಟೆ ಪಟ್ಟೆಯಾಗಿ ಜೋಡಿಸಿಕೊಳ್ಳುತ್ತದೆ. ಡಮಾಸ್ಕಸ್ ಕತ್ತಿಯ ಮೇಲಿನ ಅಲೆ ಅಲೆಯ ಗೆರೆಗಳು ಅವೇ. ಉಕ್ಕಿನಲ್ಲಿ ಅಲ್ಪಸ್ವಲ್ಪ ಇರುವ ವನೇಡಿಯಂ ಈ ಪಟ್ಟೆಗಳಿಗೆ ನೆರವಾಗುತ್ತದೆ ಎಂಬುದನ್ನು 1990ರ ದಶಕದಲ್ಲಿ ಅಮೆರಿಕದ ಲೋಹಶಾಸ್ತ್ರಜ್ಞ ಜಾನ್ ವೆರ್‌ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಜೊತೆಯಾಗಿ ತೋರಿಸಿದರು. ಈ ವಿಷಯದಲ್ಲಿ ಆಸಕ್ತಿ ಇರುವವರು ಮಲ್ಲೇಶ್ವರಂ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟ್ ಆವರಣದಲ್ಲೇ ಕೆಲಸ ಮಾಡಿದ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಬರೆದ, ವೂಟ್ಜ್ ಉಕ್ಕಿನ ಬಗೆಗಿನ 2004ರ ಪುಸ್ತಕವನ್ನು ನೋಡಬಹುದು.

ಎಳನೀರಿನ ಮಚ್ಚಿಗೆ ಈ ಉಕ್ಕು ಬೇಕೇ? ಬೇಡ. ದಿನಕ್ಕೆ ನೂರಾರು ಏಟು ಹಾಕುವ ಅಲಗಿಗೆ ಅಷ್ಟೊಂದು ಇಂಗಾಲ ಕಾಟವೇ ಹೊರತು ಉಪಕಾರವಲ್ಲ.

ಕತ್ತಲೆ ಕೊಟ್ಟಿಗೆಯ ಕೆಂಪು

ಪಟ್ಟಿಯನ್ನು ಕತ್ತರಿಸುವ ಮೊದಲು ಬಲ್ಲವರು ಅದನ್ನು ಉಜ್ಜಿ ನೋಡುತ್ತಾರೆ. ವರ್ಷಗಟ್ಟಲೆ ಬಾಗಿ ಎದ್ದ ಪಟ್ಟಿಯಲ್ಲಿ ಕೂದಲೆಳೆಯ ಬಿರುಕುಗಳಿರುತ್ತವೆ. ಬೆಂಕಿ, ಸುತ್ತಿಗೆ ಯಾವುದೂ ಅವನ್ನು ಮುಚ್ಚುವುದಿಲ್ಲ, ಮಚ್ಚಿನೊಳಗೆ ಹಾಗೇ ಉಳಿದು ಒಂದು ದಿನ ಬಾಯಿ ಬಿಡುತ್ತವೆ. ಬಿರುಕನ್ನು ಬಿಟ್ಟರೆ ಪಟ್ಟಿಯ ಹಳೆಯ ಗುಣ ಯಾವುದೂ ಉಳಿಯುವುದಿಲ್ಲ ಎಂಬುದು ಗಮನಿಸಬೇಕಾದ ಮಾತು. ಕಾರ್ಖಾನೆಯಲ್ಲಿ ಅದನ್ನು ತಣಿಸಿ, ಮತ್ತೆ 450ರಿಂದ 500 ಡಿಗ್ರಿಯಷ್ಟು ಕಾಯಿಸಿ, ರಾಕ್‌ವೆಲ್ 45ರ ಆಸುಪಾಸಿಗೆ ತಂದಿರುತ್ತಾರೆ, ಸ್ಪ್ರಿಂಗಿಗೆ ಅದು ಸರಿ. ಕುಲುಮೆಯಲ್ಲಿ ಒಮ್ಮೆ ಕೆಂಪಾಯಿತೆಂದರೆ ಆ ಹದ ಪೂರ್ತಿ ಅಳಿಸಿಹೋಗುತ್ತದೆ. ಉಳಿಯುವುದು ಇಂಗಾಲ ಮತ್ತು ಅದರ ಜೊತೆಗಿರುವ ಲೋಹಗಳು ಮಾತ್ರ. ಅದೇ ಉಕ್ಕಿಗೆ ಬೇರೆ ಹದ ಕೊಟ್ಟು ಬೇರೆಯದೇ ವಸ್ತು ಮಾಡಬಹುದು.

ಇದ್ದಿಲ ಬೆಂಕಿಯಲ್ಲಿ ಪಟ್ಟಿ ಕಿತ್ತಳೆ ಬಣ್ಣಕ್ಕೆ ಬಂದಾಗ ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಾರೆ. ಒಬ್ಬರು ಇಕ್ಕಳದಲ್ಲಿ ಹಿಡಿದು ಸುತ್ತಿಗೆಯಿಂದ ಜಾಗ ತೋರಿಸುತ್ತಾರೆ, ಇನ್ನೊಬ್ಬರು ಸಮ್ಮಟಿಗೆ ಬೀಸುತ್ತಾರೆ. ಇಲ್ಲಿ ಆಗುವ ಸಾಮಾನ್ಯ ಹಾನಿ ಅತಿಯಾಗಿ ಕಾಯಿಸುವುದು. ಬಿಳಿ ಬಿಸಿಗೆ ಹೋಗಿ ಲೋಹದಿಂದಲೇ ಕಿಡಿ ಸಿಡಿಯಿತೆಂದರೆ ಉಕ್ಕು ಸುಟ್ಟಿತು ಎಂದರ್ಥ, ಆ ತುಂಡನ್ನು ಕತ್ತರಿಸಿ ಎಸೆಯುವುದೊಂದೇ ದಾರಿ. ಅಷ್ಟು ದೂರ ಹೋಗದಿದ್ದರೂ ಹೆಚ್ಚು ಹೊತ್ತು ಹೆಚ್ಚು ಬಿಸಿಯಲ್ಲಿದ್ದರೆ ಒಳಗಿನ ಕಣಗಳು ದೊಡ್ಡವಾಗುತ್ತವೆ. ದೊಡ್ಡ ಕಣದ ಉಕ್ಕು ಸುಲಭವಾಗಿ ಮುರಿಯುತ್ತದೆ. ಮುರಿದ ಜಾಗವನ್ನು ನೋಡಿದರೆ ಕಾಳು ಕಾಳಾಗಿ ಮಿನುಗುತ್ತದೆ. ಕಣ ಚಿಕ್ಕದಿದ್ದರೆ ಅದೇ ಜಾಗ ಬೂದು ಬಣ್ಣದಲ್ಲಿ ನುಣುಪಾಗಿ ಕಾಣುತ್ತದೆ. ಆದ್ದರಿಂದ ರೂಪ ಕೊಟ್ಟಾದ ಮೇಲೆ ಮತ್ತೊಮ್ಮೆ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಡುವುದುಂಟು. ಕಣಗಳು ಹೊಸದಾಗಿ, ಚಿಕ್ಕದಾಗಿ ಕಟ್ಟಿಕೊಳ್ಳುತ್ತವೆ. ಅವಸರದ ಕುಲುಮೆಗಳಲ್ಲಿ ಮೊದಲು ಕೈಬಿಡುವ ಹಂತವೂ ಇದೇ.

ಈಗ ತಣಿಸುವ ಸರದಿ. ಲಾರಿ ಪಟ್ಟಿಯ ಉಕ್ಕನ್ನು ತಣಿಸಲು 830ರಿಂದ 860 ಡಿಗ್ರಿ ಬೇಕು. ಕುಲುಮೆಯಲ್ಲಿ ಥರ್ಮಾಮೀಟರ್ ಇರುವುದಿಲ್ಲ, ಬಣ್ಣವೇ ಅಳತೆ. ಬಿಸಿಲಿನಲ್ಲಿ ಕಪ್ಪಾಗಿ ಕಾಣುವ ಉಕ್ಕು ನೆರಳಲ್ಲಿ ಕೆಂಪಾಗಿ ಕಾಣುತ್ತದೆ. ಕಮ್ಮಾರರ ಕೊಟ್ಟಿಗೆ ಕತ್ತಲೆಯಾಗಿರುವುದು ಬಡತನದಿಂದ ಮಾತ್ರವಲ್ಲ, ಬಣ್ಣ ಒಂದೇ ಸಮನಾಗಿ ಓದಲು ಕತ್ತಲೆಯೇ ಬೇಕು. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿಕೊಂಡು ಪರೀಕ್ಷಿಸುವವರೂ ಇದ್ದಾರೆ. ಸುಮಾರು 770 ಡಿಗ್ರಿ ದಾಟಿದ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟುವುದು ನಿಂತ ಮೇಲೆ ಬಣ್ಣ ಇನ್ನೊಂದು ಚೂರು ತಿಳಿಯಾಗುವವರೆಗೆ ಕಾದರೆ ಸಾಕು.

ನೀರೋ ಎಣ್ಣೆಯೋ ಎಂಬುದು ಮುಂದಿನ ಪ್ರಶ್ನೆ. ಬರೀ ಇಂಗಾಲದ ಉಕ್ಕು ಒಂದೆರಡು ಸೆಕೆಂಡಿನೊಳಗೆ 500 ಡಿಗ್ರಿಯ ಕೆಳಗೆ ಇಳಿಯದಿದ್ದರೆ ಇಂಗಾಲ ತಪ್ಪಿಸಿಕೊಂಡುಬಿಡುತ್ತದೆ, ಅದಕ್ಕೆ ನೀರಿನ ವೇಗವೇ ಬೇಕು. ಪಟ್ಟಿಯಲ್ಲಿರುವ ಮ್ಯಾಂಗನೀಸ್ ಮತ್ತು ಕ್ರೋಮಿಯಂ ಇಂಗಾಲದ ಓಟವನ್ನು ನಿಧಾನಿಸುತ್ತವೆ, ಕಮ್ಮಾರನಿಗೆ ಇನ್ನಷ್ಟು ಸೆಕೆಂಡು ಸಿಗುತ್ತದೆ, ಎಣ್ಣೆ ಸಾಕಾಗುತ್ತದೆ. ಸಾಲದ್ದಕ್ಕೆ ನೀರು ಇಲ್ಲಿ ಅಪಾಯ. ತಣಿದ ಉಕ್ಕು ಮಾರ್ಟೆನ್‌ಸೈಟ್ ಆಗುವಾಗ ತುಸು ಹಿಗ್ಗುತ್ತದೆ. ಹೊರಗಿನ ಪದರ ಮೊದಲು ಗಡಸಾಗಿ ಕೂತಿರುತ್ತದೆ, ಒಳಭಾಗ ಆಮೇಲೆ ಹಿಗ್ಗಿ ಅದನ್ನು ಸೀಳುತ್ತದೆ. 'ಟಿಕ್' ಎಂಬ ಸಣ್ಣ ಸದ್ದು ಕೇಳಿದರೆ ಅಷ್ಟು ಹೊತ್ತಿನ ದುಡಿಮೆ ಹೋಯಿತು.

ಸರಿಯಾಗಿ ತಣಿಯಿತೇ ಎಂದು ತಿಳಿಯಲು ಅರ ಸಾಕು. ಅಂಚಿನ ಮೇಲೆ ಎಳೆದರೆ ಅರ ಹಿಡಿಯದೆ ಜಾರಬೇಕು. ಹಿಡಿದು ಪುಡಿ ಉದುರಿಸಿದರೆ ಗಡಸಾಗಿಲ್ಲ. ಇಲ್ಲೊಂದು ಮೋಸವಿದೆ. ಬೆಂಕಿಯಲ್ಲಿದ್ದಾಗ ಹೊರಚರ್ಮದ ಇಂಗಾಲ ಗಾಳಿಯ ಜೊತೆ ಸೇರಿ ಹಾರಿಹೋಗಿರುತ್ತದೆ, ಕೂದಲಷ್ಟು ದಪ್ಪದ ಆ ಮೆತ್ತನೆಯ ಚರ್ಮವನ್ನು ಅರ ಹಿಡಿಯುತ್ತದೆ. ಅದನ್ನು ತೆಗೆದು ಮತ್ತೆ ಎಳೆದು ನೋಡಿದ ಮೇಲೆಯೇ ತೀರ್ಪು.

ಬಣ್ಣ ಓಡುವ ಹೊತ್ತು

ಈ ಹಂತದಲ್ಲಿ ಮಚ್ಚು ಅತ್ಯಂತ ಗಡಸು, ಅಷ್ಟೇ ನಿರುಪಯೋಗಿ. ಕೈಜಾರಿ ಬಿದ್ದರೆ ಒಡೆಯುತ್ತದೆ. ಸಿಕ್ಕಿಕೊಂಡ ಇಂಗಾಲದಲ್ಲಿ ಸ್ವಲ್ಪವನ್ನು ಮಾತ್ರ ಹೊರಬಿಟ್ಟು ಒಳಗಿನ ಒತ್ತಡ ಇಳಿಸಬೇಕು. ಅದಕ್ಕಾಗಿ ಮತ್ತೆ ಕಾಯಿಸುವುದು, ಈ ಬಾರಿ ಕೆಂಪಿಗಿಂತ ಎಷ್ಟೋ ಕಡಿಮೆ ಬಿಸಿಗೆ. ಹದ ಕೊಡುವುದು ಎಂದರೆ ಇದೇ. ಕಾರ್ಖಾನೆಯಲ್ಲಿ ಇದಕ್ಕೆ ಒಲೆ, ಗಡಿಯಾರ, ಒಂದೆರಡು ಗಂಟೆ. ಕುಲುಮೆಯಲ್ಲಿ ಇದನ್ನು ಒಂದೇ ಬಿಸಿಯಲ್ಲಿ ಮುಗಿಸುವ ಜಾಣ ವಿಧಾನವೊಂದಿದೆ.

ಕೆಂಪಗೆ ಕಾದ ಮಚ್ಚನ್ನು ಪೂರ್ತಿ ಅದ್ದದೆ, ಬಾಯಿಯ ಕಡೆಯ ಒಂದೆರಡು ಬೆರಳಗಲವನ್ನು ಮಾತ್ರ ಎಣ್ಣೆಗೆ ಹಿಡಿಯುತ್ತಾರೆ. ಬಾಯಿ ತಣಿಯುತ್ತದೆ, ಬೆನ್ನು ಇನ್ನೂ ಬಿಸಿಯಾಗಿರುತ್ತದೆ. ಹೊರತೆಗೆದ ಕೂಡಲೆ ಕಲ್ಲಿನ ಚೂರಿನಿಂದ ಅಂಚನ್ನು ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಬೆನ್ನಿನ ಬಿಸಿ ನಿಧಾನವಾಗಿ ಬಾಯಿಯ ಕಡೆ ಹರಿದು ಬರುತ್ತದೆ. ಉಜ್ಜಿದ ಜಾಗದಲ್ಲಿ ಬಣ್ಣಗಳು ಒಂದರ ಹಿಂದೊಂದು ಓಡುತ್ತವೆ: ಮೊದಲು ತಿಳಿ ಹುಲ್ಲಿನ ಹಳದಿ, ಅದು 220 ಡಿಗ್ರಿ. ಕಡು ಹಳದಿಗೆ 240, ಕಂದಿಗೆ 260, ನೇರಳೆಗೆ 280, ನೀಲಿಗೆ 300ರ ಆಸುಪಾಸು. ಇದು ಉಕ್ಕಿನ ಬಣ್ಣವಲ್ಲ, ಅದರ ಮೇಲೆ ಗಾಳಿಯಿಂದ ಕಟ್ಟುವ ತೆಳು ಪೊರೆಯದು. ಬಿಸಿ ಹೆಚ್ಚಿದಂತೆ ಪೊರೆ ದಪ್ಪವಾಗಿ ಬಣ್ಣ ಬದಲಾಗುತ್ತದೆ. ಬೇಕಾದ ಬಣ್ಣ ಬಾಯಿಗೆ ಮುಟ್ಟಿದ ಕ್ಷಣ ಇಡೀ ಮಚ್ಚನ್ನು ಅದ್ದಿ ಓಟ ನಿಲ್ಲಿಸುತ್ತಾರೆ.

ಯಾವ ಬಣ್ಣ ಬೇಕು ಎಂಬುದೇ ಕಮ್ಮಾರನ ವಿವೇಚನೆ. ತಿಳಿ ಹಳದಿಯಲ್ಲಿ ನಿಲ್ಲಿಸಿದರೆ ಈ ಉಕ್ಕು ರಾಕ್‌ವೆಲ್ 57, 58ರಲ್ಲಿ ನಿಲ್ಲುತ್ತದೆ. ತರಕಾರಿ ಹೆಚ್ಚಲು ಸೊಗಸು, ಚಿಪ್ಪಿಗೆ ಬಡಿದರೆ ಅಂಚಿನಲ್ಲಿ ಅರ್ಧಚಂದ್ರದ ಚಕ್ಕೆ ಏಳುತ್ತದೆ. ನೀಲಿಯನ್ನೂ ದಾಟಿ ಬೂದಿಗೆ ಬಿಟ್ಟರೆ 50ರ ಕಡೆ ಇಳಿಯುತ್ತದೆ, ಮುರಿಯುವುದಿಲ್ಲ, ಆದರೆ ಬಾಯಿ ಮಡಿಚಿಕೊಂಡು ಗಂಟೆಗೊಮ್ಮೆ ಮಸೆಯಬೇಕಾಗುತ್ತದೆ. ಮಚ್ಚಿನ ಜಾಗ ಇವೆರಡರ ನಡುವೆ. ಈ ನಡುವಿನಲ್ಲೂ ಒಂದು ಗುಂಡಿ ಇದೆ: 260ರಿಂದ 370 ಡಿಗ್ರಿಯ ನಡುವೆ ಹದ ಕೊಟ್ಟಾಗ ಹಲವು ಬಗೆಯ ಉಕ್ಕಿನಲ್ಲಿ ಗಡಸುತನವೂ ಇಳಿಯುತ್ತದೆ, ತಾಳಿಕೆಯೂ ಏರುವ ಬದಲು ಕುಸಿಯುತ್ತದೆ. ಹೊರಬಂದ ಇಂಗಾಲ ತೆಳು ಹಾಳೆಗಳಾಗಿ ಕೂತು ಬಿರುಕಿಗೆ ದಾರಿ ಮಾಡಿಕೊಡುವುದು ಇದಕ್ಕೆ ಒಂದು ಕಾರಣ. ಸಿಲಿಕಾನ್ ಹೆಚ್ಚಿರುವ ಪಟ್ಟಿಗಳಲ್ಲಿ ಈ ಗುಂಡಿ ಇನ್ನೂ ಮೇಲಿನ ಬಿಸಿಗೆ ಸರಿಯುತ್ತದೆ. ಹಾಗಾಗಿ ಬಾಯಿಗೆ ಕಡು ಹಳದಿಯಿಂದ ಕಂದು, ಬೆನ್ನಿಗೆ ತಣಿಸದೇ ಬಿಟ್ಟ ಮೆತ್ತನೆಯ ಉಕ್ಕು ಎಂಬ ಏರ್ಪಾಟು ಒಳ್ಳೆಯದು. ಏಟಿನ ಭಾರವನ್ನು ಬೆನ್ನು ಹೊರುತ್ತದೆ, ಬಾಯಿ ತನ್ನ ಕೆಲಸ ನೋಡಿಕೊಳ್ಳುತ್ತದೆ.

ಮಚ್ಚನ್ನು ನೋಡಿಯೇ ಅದರ ಹದ ಊಹಿಸಬಹುದು. ಬಾಯಿಯಲ್ಲಿ ಹಲ್ಲು ಬಿದ್ದಂತೆ ಚಕ್ಕೆ ಹೋಗಿದ್ದರೆ ಹದ ಕಡಿಮೆಯಾಗಿದೆ. ಉಗುರಿಗೆ ತಾಗುವಂತೆ ಅಂಚು ಒಂದು ಕಡೆಗೆ ಮಡಿಚಿದ್ದರೆ ಹದ ಹೆಚ್ಚಾಗಿದೆ, ಇಲ್ಲವೇ ಇಂಗಾಲವೇ ಇಲ್ಲ.

ಈಳಿಗೆಮಣೆ ಮತ್ತು ಸ್ಟೀಲ್ ಚಾಕು

ನಮ್ಮ ಮನೆಗಳ ಹಳೆಯ ಈಳಿಗೆಮಣೆಯ ಅಲಗು ಕೂತಲ್ಲೇ ಕೂತಿರುತ್ತದೆ, ತರಕಾರಿಯೇ ಅದರ ಬಳಿಗೆ ಹೋಗುತ್ತದೆ. ಏಟಿಲ್ಲ, ಮೀಟುವುದಿಲ್ಲ. ಆದ್ದರಿಂದ ಅದು ಮಚ್ಚಿಗಿಂತ ಗಡಸಾಗಿರಬಹುದು, ಒಳ್ಳೆಯವು ಹಾಗೇ ಇರುತ್ತವೆ. ಮಾವಿನಕಾಯಿ, ಬಾಳೆಕಾಯಿ ಹೆಚ್ಚಿದಾಗ ಕಪ್ಪಾಗುವುದು, ಒರೆಸದಿದ್ದರೆ ತುಕ್ಕು ಹಿಡಿಯುವುದು ಅದರ ಸ್ವಭಾವ. ಹೊಸದಾಗಿ ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ಇಂಗಾಲವೇ ಇಲ್ಲದ ತಗಡಿನ ಅಲಗುಗಳೂ ಅದೇ ಹೊಳಪಿನಲ್ಲಿ ಅದೇ ಅಂಗಡಿಯಲ್ಲಿರುತ್ತವೆ.

ಸ್ಟೇನ್‌ಲೆಸ್ ಚಾಕುಗಳಲ್ಲಿ ಅಗ್ಗದವಕ್ಕೆ ಇಂಗಾಲ ಶೇ 0.3ರ ಸುತ್ತ, ಕ್ರೋಮಿಯಂ 13ರಷ್ಟು. ಕ್ರೋಮಿಯಂ ತುಕ್ಕನ್ನು ತಡೆಯುತ್ತದೆ. ಇಂಗಾಲ ಕಡಿಮೆಯಾದ್ದರಿಂದ ಗಡಸುತನ 50ರಿಂದ 55ರೊಳಗೆ. ಅದು ಬೇಗ ಮೊಂಡಾಗುತ್ತದೆ ಎಂಬ ದೂರು ನಿಜ, ಆದರೆ ಬಹಳ ಸಲ ಅಂಚು ಸವೆದಿರುವುದಿಲ್ಲ, ಮಡಿಚಿರುತ್ತದೆ ಅಷ್ಟೇ. ಪಿಂಗಾಣಿ ಬಟ್ಟಲಿನ ತಳದ ಒರಟು ಬಳೆಯ ಮೇಲೆ ನಾಲ್ಕು ಸಲ ಎಳೆದರೆ ನೆಟ್ಟಗಾಗುತ್ತದೆ. ಅಂಗಡಿಯಲ್ಲಿ ಒಂದು ಅಯಸ್ಕಾಂತ ಹಿಡಿದು ನೋಡಿ. ಊಟದ ತಟ್ಟೆ, ಲೋಟದ ಸ್ಟೀಲಿಗೆ ಸಾಮಾನ್ಯವಾಗಿ ಅದು ಅಂಟುವುದಿಲ್ಲ, ಆ ಜಾತಿಯ ಸ್ಟೀಲು ಕಾಯಿಸಿ ತಣಿಸಿದರೆ ಗಡಸಾಗುವುದೂ ಇಲ್ಲ. ಅಯಸ್ಕಾಂತ ಅಂಟದ ಚಾಕುವನ್ನು ಅಲ್ಲೇ ಬಿಟ್ಟು ಬನ್ನಿ.

ಸಾಣೆಯವರ ಚಕ್ರ

ಇಷ್ಟೆಲ್ಲ ಕಷ್ಟಪಟ್ಟು ಕೊಟ್ಟ ಹದವನ್ನು ಅರ್ಧ ನಿಮಿಷದಲ್ಲಿ ಕಳೆಯುವ ಜಾಗ ಒಂದಿದೆ, ಅದು ಸಾಣೆ ಚಕ್ರ. ಸೈಕಲ್ಲಿಗೆ ಕಟ್ಟಿ ಕಾಲಲ್ಲಿ ತುಳಿಯುವ ಚಕ್ರ ನಿಧಾನ, ಅದರಿಂದ ಭಯ ಕಡಿಮೆ. ವಿದ್ಯುತ್ ಮೋಟರಿನ ಒಣ ಚಕ್ರ ಹಾಗಲ್ಲ. ಅಂಚು ಕಾಗದದಷ್ಟು ತೆಳುವಾಗಿರುವುದರಿಂದ ಬಿಸಿ ಹೋಗಲು ದಾರಿಯಿಲ್ಲ, ಒತ್ತಿ ಹಿಡಿದರೆ ಕ್ಷಣದಲ್ಲಿ ನೂರಾರು ಡಿಗ್ರಿ ಏರುತ್ತದೆ. ಅಂಚಿನುದ್ದಕ್ಕೂ ಸಣ್ಣ ನೀಲಿ ಗೆರೆ ಕಂಡರೆ ಅಲ್ಲಿ 300 ಡಿಗ್ರಿ ಮುಟ್ಟಿದೆ, ಹದ ಹೋಗಿದೆ ಎಂದರ್ಥ. ಚಾಕು ಅಂದು ಹರಿತವಾಗಿಯೇ ಇರುತ್ತದೆ, ವಾರದೊಳಗೆ ಮೊಂಡಾಗುತ್ತದೆ. ಇನ್ನೂ ಒತ್ತಿ ಅಂಚು ಕೆಂಪಾದರೆ ಕಥೆ ಬೇರೆ. ಪಕ್ಕದ ತಣ್ಣನೆಯ ಲೋಹ ಆ ಬಿಸಿಯನ್ನು ಥಟ್ಟನೆ ಎಳೆದುಕೊಂಡು ಅಂಚು ಹೊಸದಾಗಿ, ಹದವಿಲ್ಲದೆ ಗಡಸಾಗುತ್ತದೆ, ಆಮೇಲೆ ಪುಡಿ ಪುಡಿಯಾಗಿ ಉದುರುತ್ತದೆ. ಒಮ್ಮೆ ಹೋದ ಹದವನ್ನು ಮಸೆಯುವುದರಿಂದ ಮರಳಿಸಲಾಗದು. ನೀಲಿಯಾದ ಭಾಗವನ್ನು ಪೂರ್ತಿ ಸವೆಸಿ ಹಿಂದಿನ ಒಳ್ಳೆಯ ಉಕ್ಕನ್ನು ತಲುಪಬೇಕು.

ಚಕ್ರದ ಕಿಡಿಗಳನ್ನೂ ನೋಡಿ. ಇಂಗಾಲ ಹೆಚ್ಚಿರುವ ಅಲಗಿನ ಕಿಡಿಗಳು ತುದಿಯಲ್ಲಿ ಕವಲೊಡೆದು ಸಿಡಿಯುತ್ತವೆ, ತಗಡಿನವು ಉದ್ದಕ್ಕೆ ಸುಮ್ಮನೆ ಹರಿಯುತ್ತವೆ, ಸ್ಟೇನ್‌ಲೆಸ್ಸಿನವು ಗಿಡ್ಡ ಮತ್ತು ಕೆಂಪು. ನಿಮ್ಮ ಅಜ್ಜಿಯ ಈಳಿಗೆಮಣೆಯಿಂದ ಕವಲೊಡೆದ ಕಿಡಿ ಬಂದರೆ ಅದನ್ನು ಗುಜರಿಗೆ ಹಾಕಬೇಡಿ. ಮುಂದಿನ ಸಲ ಸಾಣೆಯವರು ಬೀದಿಗೆ ಬಂದಾಗ ಅವರ ಪಕ್ಕದಲ್ಲಿ ನೀರಿನ ಡಬ್ಬ ಇದೆಯೇ ನೋಡಿ. ಇಲ್ಲದಿದ್ದರೆ ಮನೆಯಿಂದ ಒಂದು ಚೊಂಬು ನೀರು ಕೊಟ್ಟು, ಎರಡು ಮೂರು ಸಲ ಚಕ್ರಕ್ಕೆ ತಾಗಿಸಿದ ಮೇಲೆ ಒಮ್ಮೆ ಅದ್ದಿ ತೆಗೆಯಿರಿ ಎಂದು ಹೇಳಿ, ಅಂಚಿನಲ್ಲಿ ನೀಲಿ ಇಲ್ಲ ಎಂದು ನೋಡಿಕೊಂಡು ದುಡ್ಡು ಕೊಡಿ.